ತಟ್ಟೆಗೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ತೂಕ

ಮೂವತ್ನಾಲ್ಕನೆಯ ವಯಸ್ಸಿಗೆ ನಾನು ನಿವೃತ್ತನಾದೆ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಕಾರಣ ಕೇಳುತ್ತಾರೆ. ನನಗೆ ಉಬ್ಬಸ. ಹತ್ತು ಅಡಿ ಅಗಲದ ಅಂಗಡಿಯೊಳಗೆ ಶೆಟರ್ ಅರ್ಧ ಇಳಿಸಿಕೊಂಡು ಲೋಬಾನ, ಕರ್ಪೂರ, ಊದಿನಕಡ್ಡಿಗಳ ಹೊಗೆಯಲ್ಲಿ ನಿಂತು ಮಂತ್ರ ಹೇಳುವುದು ನನ್ನ ಕೆಲಸವಾಗಿತ್ತು. ಗಂಗಾವತಿಯ ವೈದ್ಯರು ಎದೆಯ ಫೋಟೋ ನೋಡಿ, ಹೊಗೆ ಬಿಡಬೇಕು ಎಂದರು. ಹೊಗೆ ಬಿಟ್ಟರೆ ಈ ಕೆಲಸವಿಲ್ಲ. ಹಾಗಾಗಿ ಕೆಲಸ ಬಿಟ್ಟೆ.

ನಾವು ಯಲಬುರ್ಗಾದ ಅಯ್ಯನವರ ಮನೆಯವರು. ಮದುವೆ, ತೊಟ್ಟಿಲು, ಮನೆ ಒಕ್ಕಲು ಎಲ್ಲವನ್ನೂ ಅಣ್ಣತಮ್ಮಂದಿರು ಹಂಚಿಕೊಂಡಿದ್ದರು. ಹೊಸ ಅಂಗಡಿಯ ಪೂಜೆ ದೊಡ್ಡಪ್ಪನ ಪಾಲಿಗೆ ಬಂದಿತ್ತು. ಅವರ ಹಿಂದೆ ಚೀಲ ಹೊತ್ತುಕೊಂಡು ಹೋಗಿ ಕಲಿತೆ, ಅವರ ಮೊಣಕಾಲು ಸೋತ ಮೇಲೆ ಒಬ್ಬನೇ ಹೋದೆ. ಜನ ಅವರನ್ನು ದೊಡ್ಡ ಅಯ್ಯನೋರು, ನನ್ನನ್ನು ಮರಿ ಅಯ್ಯನೋರು ಎನ್ನುತ್ತಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಕಡೆ ನಾನು ನಿಂತು ತೆರೆಸಿದ ಅಂಗಡಿಗಳನ್ನು ಡೈರಿಯಲ್ಲಿ ತಿಂಗಳಿನಂತೆ ಬರೆದಿಟ್ಟಿದ್ದೇನೆ. ಕಿರಾಣಿ ಹೆಚ್ಚು, ಆಮೇಲೆ ಮೊಬೈಲ್ ಅಂಗಡಿ, ಗೊಬ್ಬರ, ಬಟ್ಟೆ. ಮುಚ್ಚಿದ ಅಂಗಡಿಗಳನ್ನೂ ಗುರುತು ಹಾಕಿದ್ದೇನೆ. ಅಂಥವು ಕಡಿಮೆಯೇನಿಲ್ಲ. ಪೂಜೆಯಿಂದ ಅಂಗಡಿ ನಡೆಯುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ, ಈ ಕೆಲಸಕ್ಕೆ ಈಗ ಬರುತ್ತಿರುವವರೂ ಹೇಳಬಾರದು.

ಕೆಲಸ ನಡೆಯುವ ಕ್ರಮ ಹೀಗೆ. ಹಿಂದಿನ ದಿನ ಅಂಗಡಿ ತೊಳೆಸಬೇಕು. ಬೆಳಿಗ್ಗೆ ಬಾಗಿಲಿಗೆ ಮಾವಿನ ತೋರಣ, ಎರಡು ಬಾಳೆಕಂಬ. ಒಳಗೆ ಮೊದಲು ತರಬೇಕಾದ ಸರಕು ಉಪ್ಪು ಮತ್ತು ಅರಿಷಿಣ. ತಂಬಿಗೆಯಲ್ಲಿ ನೀರು, ಐದು ವೀಳ್ಯದೆಲೆ, ಮೇಲೊಂದು ಕಾಯಿ ಇಟ್ಟು ಕಲಶ ಹೂಡಬೇಕು. ಅಂಗಡಿಯವರು ದಿನವೂ ಕೈಯಲ್ಲಿ ಹಿಡಿಯುವ ಸಾಧನವನ್ನು ಕಲಶದ ಮುಂದೆ ಇಡಬೇಕು. ಕಿರಾಣಿಯಾದರೆ ತಕ್ಕಡಿ, ಬಟ್ಟೆಯಾದರೆ ಮೀಟರ್ ಕೋಲು, ದರ್ಜಿಯಾದರೆ ಕತ್ತರಿ. ಸಾಧನಕ್ಕೆ ವಿಭೂತಿ, ಕುಂಕುಮ. ಶೆಟರ್ ಅರ್ಧ ಎತ್ತಿ, ಅಂಗಡಿಯವರನ್ನು ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಲ್ಲಿಸಿ, ಬಲಗೈಯನ್ನು ಸಾಧನದ ಮೇಲೆ ಇಡಿಸಿ ಪ್ರಾರ್ಥನೆ ಹೇಳಿಸಬೇಕು. ಆಮೇಲೆ ಕಾಯಿ ಒಡೆದು ಶೆಟರ್ ಪೂರ್ತಿ ಎತ್ತಿ, ಹೊರಗೆ ಬೂದುಗುಂಬಳ ಒಡೆಯುವುದು. ಕೊನೆಗೆ ಬೋಣಿ. ಮೊದಲ ಗಿರಾಕಿಗೆ ಉದ್ರಿಯೂ ಇಲ್ಲ, ರಿಯಾಯಿತಿಯೂ ಇಲ್ಲ. ಎಲ್ಲರ ಕಣ್ಣೆದುರು ತೂಗಿ ಸರಿಯಾದ ಬೆಲೆಗೆ ಕೊಡಬೇಕು.

ಈ ಕ್ರಮದಲ್ಲಿ ಪ್ರಾರ್ಥನೆ ಮೊದಲು ಇರಲಿಲ್ಲ. ದೊಡ್ಡಪ್ಪ ಸಂಸ್ಕೃತದ ಮಂತ್ರ ಹೇಳಿ ಮುಗಿಸುತ್ತಿದ್ದರು. ಒಮ್ಮೆ ಗಂಗಾವತಿಯಲ್ಲಿ ಅಕ್ಕಿ ಅಂಗಡಿ ತೆರೆದ ಹೊತ್ತಿಗೆ ಆ ಮನೆಯ ಮುದುಕಿ, “ಅಯ್ಯನೋರ, ಇಷ್ಟೊತ್ತು ದೇವರಿಗೆ ಏನ್ ಕೇಳಿದ್ರಿ?” ಎಂದು ಕೇಳಿದರಂತೆ. ದೊಡ್ಡಪ್ಪ ಅರ್ಥ ಬಿಡಿಸಿ ಹೇಳಿದರು: ಸಂಪತ್ತು, ಆಯುಷ್ಯ, ಶತ್ರುನಾಶ. ಮುದುಕಿ, “ಅಂದ್ರ ಗಿರಾಕಿಗೆ ಏನೂ ಕೇಳ್ಲಿಲ್ಲೇನ್ರಿ?” ಎಂದರು. ಮನೆಗೆ ಬಂದ ದೊಡ್ಡಪ್ಪ ಆ ವಾರವಿಡೀ ಗೊಣಗಿಕೊಂಡು ಎಂಟು ಸಾಲು ಕಟ್ಟಿದರು. ಹೇಳಿಸುವಾಗ ಊರಿನ ಮಾತಿನಲ್ಲಿ ಹೇಳಿಸುತ್ತಿದ್ದರು. ಬರೆಯುವಾಗ ಹೀಗೆ ಬರೆದುಕೊಂಡಿದ್ದೇನೆ:

ತಂದೆ, ಈ ಬಾಗಿಲನ್ನು ಇಂದು ತೆರೆಯುತ್ತಿದ್ದೇನೆ.
ಬರುವವರನ್ನು ನೀನು ಕಳಿಸು, ಬಂದವರನ್ನು ನಾನು ಮೋಸಗೊಳಿಸದಂತೆ ಕಾಪಾಡು.
ತಟ್ಟೆಗೆ ಹೋಗುವುದು ನನ್ನದಾದರೂ ಅವರದಾದರೂ ತೂಕ ಒಂದೇ ಇರಲಿ.
ಕೂಸು ಬಂದರೂ ಕಣ್ಣು ಕಾಣದ ಮುದುಕಿ ಬಂದರೂ ಬೆಲೆ ಒಂದೇ ಇರಲಿ.
ಕೆಟ್ಟ ಸರಕನ್ನು ಒಳ್ಳೆಯದರ ಕೆಳಗೆ ಮುಚ್ಚುವ ಕೈ ನನ್ನದಾಗದಿರಲಿ.
ತಪ್ಪಿ ಬಂದದ್ದು ತಿರುಗಿ ಹೋಗಲಿ.
ನನ್ನ ಮನೆಯ ತುತ್ತು ಇನ್ನೊಬ್ಬರ ತುತ್ತಿನಿಂದ ಮುರಿದದ್ದಾಗದಿರಲಿ.
ಇಷ್ಟು ಕೊಡು, ಉಳಿದದ್ದನ್ನು ದುಡಿದುಕೊಳ್ಳುತ್ತೇನೆ.

ಎಂಟು ಸಾಲಾದ ಮೇಲೆ ಅಂಗಡಿಯವರು ತಮ್ಮ ಧಂದೆಗೆ ಹೊಂದುವ ಒಂದು ಸಾಲನ್ನು ತಾವೇ ಸೇರಿಸಬೇಕು. ಇದು ಬಂದದ್ದು ನನ್ನಿಂದ. ಕೊಪ್ಪಳದ ಒಂದು ಕ್ಷೌರದ ಅಂಗಡಿಯಲ್ಲಿ ನಾನು ಯೋಚಿಸದೆ ತೂಕದ ಸಾಲು ಹೇಳಿಸಿಬಿಟ್ಟೆ. ಆತ ಕತ್ತರಿಯ ಮೇಲೆ ಕೈಯಿಟ್ಟುಕೊಂಡೇ, “ನಮ್ಮಲ್ಲಿ ತೂಗೂದು ಏನೈತ್ರಿ ಮರಿ ಅಯ್ಯನೋರ, ಕೂದಲಾ?” ಎಂದ. ನೆರೆದವರೆಲ್ಲ ನಕ್ಕರು. ಹಾಗಾದರೆ ನಿಮ್ಮದು ನೀವೇ ಹೇಳಿರಿ ಎಂದೆ. ಆತ, “ಒಬ್ಬರಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗೆ ಹಾಕಂಗಿಲ್ಲ” ಎಂದ. ಅಂದಿನಿಂದ ಅದು ರೂಢಿಯಾಯಿತು.

ಆ ಒಂಬತ್ತನೆಯ ಸಾಲಿನಿಂದ ಧಂದೆಗಳ ಗುಟ್ಟು ತಿಳಿಯುತ್ತಿತ್ತು. ಕುಷ್ಟಗಿಯ ಬಟ್ಟೆ ಅಂಗಡಿಯವರು, ಅಳೆಯುವಾಗ ಬಟ್ಟೆ ಜಗ್ಗುವುದಿಲ್ಲ ಎಂದರು. ಗಂಗಾವತಿಯ ಅಕ್ಕಿಯವರು, ಹೊಸ ಅಕ್ಕಿಯನ್ನು ಹಳೆಯದೆಂದು ಹೇಳುವುದಿಲ್ಲ ಎಂದರು. ಕೊಪ್ಪಳದಲ್ಲಿ ಬೈಕಿನ ಬಿಡಿಭಾಗ ಮಾರುವವನೊಬ್ಬ ಬಹಳ ಲೆಕ್ಕ ಹಾಕಿ, “ಡುಪ್ಲಿಕೇಟ್ ಕೊಟ್ರ ಡುಪ್ಲಿಕೇಟ್ ಐತಿ ಅಂತ ಹೇಳಿ ಕೊಡ್ತೀನಿ” ಎಂದ. ಮಾರುವುದೇ ಇಲ್ಲ ಎನ್ನಲಿಲ್ಲ. ಅಷ್ಟಕ್ಕೆ ಬದ್ಧನಾಗಬಲ್ಲೆ ಎಂದು ಅವನಿಗೆ ಗೊತ್ತಿತ್ತು.

ಎಲ್ಲರೂ ಒಪ್ಪುತ್ತಿರಲಿಲ್ಲ. ಗೊಬ್ಬರ, ಬೀಜದ ಅಂಗಡಿ ಹಾಕಿದವರೊಬ್ಬರು ಪ್ರಾರ್ಥನೆ ಪೂರ್ತಿ ಕೇಳಿ, “ಇದೆಲ್ಲಾ ಹೇಳಿದ್ರ ಅಂಗಡಿ ಯಾಕ ತಗೀಬೇಕ್ರಿ? ಮಠಕ್ಕ ಹೋದ್ರಾತು” ಎಂದರು. ದೊಡ್ಡಪ್ಪ ಸಿಟ್ಟಾಗಲಿಲ್ಲ. “ಬ್ಯಾಡ ಅಂದ್ರ ಬ್ಯಾಡ ತಮ್ಮಾ. ಕಾಯಿ ಒಡದು ಹೋಗ್ತೀನಿ. ಹೇಳಿ ಮಾಡದ ಇರೋದಕ್ಕಿಂತ ಹೇಳದ ಇರೋದು ಛಲೋ” ಎಂದು ಕಾಯಿ ಒಡೆದು ಬಂದರು. ಬಸ್ಸಿನಲ್ಲಿ ನನಗೆ ಹೇಳಿದ್ದು ಇಷ್ಟು: “ಹೇಳ್ಸೂಮುಂದ ಸುತ್ತ ಮಂದಿ ನೋಡಿಕೋ. ಗೆಳ್ಯಾರು, ಬೀಗರು ಇದ್ರ ಉಪಯೋಗಿಲ್ಲ. ನಾಳೆ ಆ ಅಂಗಡಿಗೆ ಬರೋರು ಒಬ್ಬರರ ಅಲ್ಲಿ ನಿಂತಿರಬೇಕು.” ಈ ಮಾತಿನ ಅರ್ಥ ನನಗೆ ಆಗಿನ್ನೂ ಪೂರ್ತಿ ಆಗಿರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಸರಪಳಿಯಲ್ಲಿ ತೂಗುಬಿಟ್ಟ ಎರಡು ತಟ್ಟೆಯ ತಕ್ಕಡಿಗಳು ಇನ್ನೂ ಇದ್ದವು. ಅವುಗಳ ದಂಡಕ್ಕೆ ಮೂರು ಬೆರಳಿನ ವಿಭೂತಿ ಎಳೆದರೆ ಏನೂ ಆಗುತ್ತಿರಲಿಲ್ಲ. ನಾಲ್ಕೈದು ವರ್ಷಗಳಲ್ಲಿ ಹಳ್ಳಿಗಳಿಗೂ ಕರೆಂಟಿನ ಕಾಟಾ ಬಂತು. ಒಂದೇ ತಟ್ಟೆ, ಎದುರಿಗೆ ಕೆಂಪು ಅಂಕಿ, ಹಿಂದೆ ಸರ್ಕಾರಿ ಮುದ್ರೆ ಒತ್ತಿದ ಸೀಸದ ಸೀಲು. ಅದರ ಮೇಲೆ ನೀರು ಚಿಮುಕಿಸಬಾರದು, ಅಕ್ಕಿಕಾಳು ಹಾಕಬಾರದು ಎಂದು ನಾನೇ ನಿಯಮ ಮಾಡಿಕೊಂಡೆ. ಒಣ ವಿಭೂತಿಯನ್ನು ಪಕ್ಕಕ್ಕೆ ಹಚ್ಚುತ್ತಿದ್ದೆ. ಪೂಜೆಯ ವಿಭೂತಿ ಮತ್ತು ಅಕ್ಷತೆಯನ್ನು ಕಾಗದದ ಪೊಟ್ಟಣ ಕಟ್ಟಿ, ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ ಎಂದು ಕೊಡುತ್ತಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಂದೂ ಕಾಣದಿದ್ದ ಪ್ರಕರಣ ಹನುಮಸಾಗರದ ಹತ್ತಿರದ ಒಂದು ಊರಿನ ಶಾಂತವ್ವನದು.

ಶಾಂತವ್ವನಿಗೆ ಆಗ ನನ್ನದೇ ವಯಸ್ಸು. ಗಂಡ ಮಲ್ಲಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅತ್ತೆ ನೀಲವ್ವನದೇ ಮನೆಯ ಯಜಮಾನಿಕೆ. ಸಂಘದಿಂದ ಸಾಲ ಎತ್ತಿ ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ ಹಾಕಿದ್ದಳು. ಊರಲ್ಲಿ ಆಗಲೇ ಒಂದು ಹಳೆಯ ಅಂಗಡಿ ಇತ್ತು. ಎರಡನೆಯದು ಉಳಿಯಬೇಕಾದರೆ ಜನ ನಂಬಬೇಕು, ಬೇರೆ ದಾರಿ ಇರಲಿಲ್ಲ. ಬನ್ನಿ ಹಬ್ಬದ, ಅಂದರೆ ವಿಜಯದಶಮಿಯ, ಬೆಳಿಗ್ಗೆ ಪೂಜೆ. ನಾನು ಹೋದಾಗ ಬಾಗಿಲಲ್ಲಿ ಕೂಲಿಗೆ ಹೊರಟ ಹೆಂಗಸರು ಬುತ್ತಿಗಂಟು ಹಿಡಿದು ನಿಂತಿದ್ದರು. ದೊಡ್ಡಪ್ಪನ ಮಾತು ನೆನಪಾಗಿ ಅವರನ್ನು ಹೊಸ್ತಿಲ ಹತ್ತಿರ ಕರೆದೆ. ಅವರಲ್ಲಿ ಹನುಮವ್ವ ಎಂಬ ಐವತ್ತು ದಾಟಿದ ಹೆಂಗಸು ಎಲ್ಲರಿಗಿಂತ ಮುಂದೆ ಬಂದು ನಿಂತಳು.

ಶಾಂತವ್ವ ಕಾಟಾದ ಮೇಲೆ ಕೈಯಿಟ್ಟು ಎಂಟು ಸಾಲನ್ನೂ ಗಟ್ಟಿಯಾಗಿ ಹೇಳಿದಳು. ತನ್ನ ಸಾಲು ಹೇಳುವಾಗ ನೆಲ ನೋಡುತ್ತ, “ಶೇಂಗಾ ತಂದಾಕೀನ ಸಕ್ಕರಿ ವೈಯಾಕೀನಷ್ಟ ಮರ್ಯಾದಿಲೆ ಮಾತಾಡ್ಸತೀನಿ” ಎಂದಳು.

ಇದಕ್ಕೊಂದು ಹಿನ್ನೆಲೆಯಿದೆ. ಆ ಕಡೆ ಶೇಂಗಾ ಕಿತ್ತ ಹೊಲದಲ್ಲಿ ಮಣ್ಣಿನೊಳಗೆ ಉಳಿದ ಕಾಯಿಗಳನ್ನು ಕೂಲಿ ಹೆಂಗಸರು ಸಂಜೆ ಹುಡುಕಿ ಆಯ್ದುಕೊಳ್ಳುತ್ತಾರೆ. ಎರಡು ಕಿಲೋ, ಮೂರು ಕಿಲೋ ಆಗುತ್ತದೆ. ಅದನ್ನು ಕಿರಾಣಿ ಅಂಗಡಿಗೆ ಹಾಕಿ ಚಹಾಪುಡಿ, ಬೆಲ್ಲ, ಸೋಪು ಒಯ್ಯುತ್ತಾರೆ. ಹಾಗಾಗಿ ಹಳ್ಳಿಯ ಅಂಗಡಿಯ ಕಾಟಾದ ಮೇಲೆ ಎರಡು ದಾರಿಯ ವ್ಯವಹಾರ. ಮಾರುವುದೂ ಅದರಲ್ಲೇ, ಕೊಳ್ಳುವುದೂ ಅದರಲ್ಲೇ. ದೊಡ್ಡಪ್ಪನ ಮೂರನೆಯ ಸಾಲು ಇಂಥ ಅಂಗಡಿಗಳನ್ನು ನೋಡಿಯೇ ಕಟ್ಟಿದ್ದು.

ದೀಪಾವಳಿ ಮುಗಿದ ಮೇಲೆ ಶಾಂತವ್ವನ ಫೋನು ಬಂತು. ದನಿ ಸಣ್ಣದಾಗಿತ್ತು.

“ಅಯ್ಯನೋರ, ನೀವು ಒಂದ್ಸಲ ಬರಬೇಕ್ರಿ. ಹನುಮವ್ವ ಅಂಗಡಿ ಮುಂದ ಕುಂತಾಳ. ದೇವರ ಮುಂದ ಹೇಳ್ಸಿದ ಅಯ್ಯನೋರು ಬರೂತನ ಏಳಂಗಿಲ್ಲ ಅಂತಾಳ.”

“ಏನಾಗೇತಿ?”

“ಆಕೀ ಶೇಂಗಾ ನನ್ನ ಕಾಟಾದಾಗ ಕಮ್ಮಿ ಬೀಳ್ತಾವಂತ. ನಾ ಏನೂ ಮಾಡಿಲ್ರಿ.”

ಮರುದಿನ ಮೊದಲ ಬಸ್ಸಿಗೆ ಕುಷ್ಟಗಿಗೆ ಹೋದೆ. ಅಲ್ಲಿ ಕಾಟಾ ರಿಪೇರಿಯ ಲೈಸೆನ್ಸ್ ಇದ್ದ ಖಾಸಿಂಸಾಬರನ್ನು ಜೊತೆಗೆ ಕರೆದುಕೊಂಡೆ. ಹತ್ತಾರು ಅಂಗಡಿಗಳಲ್ಲಿ ಪರಿಚಯವಾದವರು. ಅವರು ಪರೀಕ್ಷೆಗೆ ಬಳಸುವ ಕಬ್ಬಿಣದ ತೂಕದ ಕಲ್ಲುಗಳ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹನುಮಸಾಗರದವರೆಗೆ ಕುಳಿತು ಬಂದರು.

ಅಂಗಡಿ ಮುಂದೆ ಹನುಮವ್ವನ ಜೊತೆ ಇನ್ನೂ ಐದಾರು ಹೆಂಗಸರಿದ್ದರು. ಜಗಳದ ದನಿ ಇರಲಿಲ್ಲ. ಹನುಮವ್ವ ನನ್ನನ್ನು ನೋಡಿ ಎದ್ದು ನಮಸ್ಕಾರ ಮಾಡಿದಳು.

“ಅಯ್ಯನೋರ, ನನಗ ಅಂಕಿ ಓದಾಕ ಬರಂಗಿಲ್ಲ. ಆದ್ರ ನಮ್ಮ ಸೇರು ನನಗ ಗೊತ್ತೈತಿ. ಹಳೇ ಅಂಗಡ್ಯಾಗ ಆ ಸೇರಿಗೆ ಏನ್ ಬರ್ತಿತ್ತು, ಇಲ್ಲಿ ಅಷ್ಟು ಬರವಲ್ದು. ಇಕಿ ಮೋಸ ಮಾಡ್ಯಾಳ ಅಂತ ನಾ ಅನ್ನಂಗಿಲ್ಲ. ಅವತ್ತ ಹೇಳಿದ ಮಾತು ನಾ ಕೇಳೀನಿ. ಅದು ಖರೆ ಇತ್ತೋ ಸುಳ್ಳಿತ್ತೋ ಅಷ್ಟ ಹೇಳ್ರಿ.”

ಶಾಂತವ್ವ ಗಲ್ಲಾದ ಹಿಂದೆ ನಿಂತಿದ್ದಳು. ಮುಖ ಬಾಡಿತ್ತು. ಮಲ್ಲಪ್ಪ ಅವಳ ಪರವಾಗಿ, “ಇನ್ನೊಂದು ಮಾತೂ ಕೇಳ್ರಿ ಅಯ್ಯನೋರ. ಸಕ್ಕರಿ, ಬ್ಯಾಳಿ ವೈಯೋರು ತೂಕ ಭಾಳ ಛಲೋ ಐತಿ ಅಂತ ಆ ಓಣಿ ಬಿಟ್ಟು ಇಲ್ಲಿಗೆ ಬರಾಕತ್ಯಾರ. ಮೋಸದ ಕಾಟಾ ಆದ್ರ ಅವರ್ಯಾಕ ಬರ್ತಾರ?” ಎಂದ.

ಖಾಸಿಂಸಾಬರು ಈ ಮಾತು ಕೇಳಿ ಮೊದಲ ಬಾರಿಗೆ ತಲೆ ಎತ್ತಿದರು. “ವೈಯೋರಿಗೆ ಜಾಸ್ತಿ, ತರೋರಿಗೆ ಕಮ್ಮಿ?” ಎಂದು ಕೇಳಿಕೊಂಡರು. ಅಷ್ಟರಲ್ಲೇ ಅವರಿಗೆ ಅರ್ಧ ತಿಳಿದಿತ್ತೆಂದು ನನ್ನ ಊಹೆ.

ಅವರು ಮೊದಲು ಹಿಂದಿನ ಸೀಲು ನೋಡಿದರು. ಒಡೆದಿರಲಿಲ್ಲ. ಅಂದರೆ ಒಳಗೆ ಯಾರೂ ಕೈ ಹಾಕಿಲ್ಲ. ಕರೆಂಟು ಹಾಕಿದರೆ ಅಂಕಿ ಸರಿಯಾಗಿ ಸೊನ್ನೆಗೆ ಬಂದು ನಿಂತಿತು. ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಇಡಿಸಿದರು. ಪ್ಲಾಸ್ಟಿಕ್ಕಿನ ತೂಕವೂ ಸೇರಿ ಕಿಲೋಕ್ಕಿಂತ ಒಂದಿಷ್ಟು ಹೆಚ್ಚೇ ತೋರಿಸಬೇಕು. ತೋರಿಸಿದ್ದು ಒಂಬೈನೂರಾ ಮೂವತ್ತೈದು ಗ್ರಾಂ. ಆಮೇಲೆ ಕಬ್ಬಿಣದ ಕಲ್ಲನ್ನು ತಟ್ಟೆಯ ನಡುವೆ, ನಂತರ ನಾಲ್ಕು ಮೂಲೆಗಳಲ್ಲಿ ಒಂದೊಂದಾಗಿ ಇಟ್ಟರು. ಸರಿಯಿರುವ ಕಾಟಾದಲ್ಲಿ ಎಲ್ಲಿಟ್ಟರೂ ಅಂಕಿ ಒಂದೇ. ಇಲ್ಲಿ ಗೋಡೆಯ ಕಡೆಯ ಮೂಲೆಯಲ್ಲಿ ಬಹಳ ಕಡಿಮೆ, ಬೀದಿಯ ಕಡೆ ಹೆಚ್ಚು ಕಡಿಮೆ ಸರಿ.

“ತಟ್ಟಿ ಕೆಳಗ ಎಲ್ಲೋ ತಾಗಿ ಕುಂತೈತಿ” ಎಂದು ಖಾಸಿಂಸಾಬರು ತಟ್ಟೆಯನ್ನು ಎರಡೂ ಕೈಯಿಂದ ಮೇಲೆತ್ತಿದರು. ಕೆಳಗೆ, ಗೋಡೆಯ ಕಡೆಯ ಮೂಲೆಯಲ್ಲಿ, ಕಾಗದದ ಪೊಟ್ಟಣ. ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮುಂದೆ ತಂದರು.

“ಅಯ್ಯನೋರ, ಇದು ನಿಮ್ಮ ಔಷಧೇನ್ರಿ?”

ನಾನು ಕಟ್ಟಿಕೊಟ್ಟ ವಿಭೂತಿಯ ಪೊಟ್ಟಣವೇ. ಒಳಗಿನಿಂದ ನೀಲವ್ವ ಬಂದಳು.

“ನಾ ಇಟ್ಟೀನಿ. ಅದಕ್ಕೇನಾಗೇತಿ? ಗಲ್ಲಾದಾಗ ಇಡು ಅಂದ್ರು ಅಯ್ಯನೋರು. ಗಲ್ಲಾಕ್ಕ ದೃಷ್ಟಿ ಯಾರ ಹಾಕ್ತಾರ? ಬಂದಾಕಿಯೆಲ್ಲಾ ನೋಡೂದು ಆ ಕೆಂಪು ಅಂಕಿನ. ಅದಕ್ಕ ಅಲ್ಲಿ ಇಟ್ಟೆ.”

“ಅತ್ತಿ, ನನಗೊಂದು ಮಾತು ಹೇಳಬಾರದೇನು?” ಎಂದಳು ಶಾಂತವ್ವ.

“ಹೇಳಿದ್ರ ಶಕ್ತಿ ಹೋಕ್ಕೈತಿ.”

ಖಾಸಿಂಸಾಬರು ಸಣ್ಣಗೆ ನಕ್ಕು, ಎಲ್ಲರಿಗೂ ತಿಳಿಯುವಂತೆ ವಿವರಿಸಿದರು. ತಟ್ಟೆಯ ಮೇಲಿನ ಭಾರವೆಲ್ಲ ಅದರ ಕೆಳಗಿನ ಒಂದು ಕಬ್ಬಿಣದ ತುಂಡಿನ ಮೇಲೆ ಬೀಳಬೇಕು. ಆಗ ಅಂಕಿ ಸರಿ. ನಡುವೆ ಪೊಟ್ಟಣ ಸಿಕ್ಕಿಕೊಂಡರೆ ಸ್ವಲ್ಪ ಭಾರವನ್ನು ಅದು ಹೊರುತ್ತದೆ. ಹೊತ್ತ ಭಾರ ಅಂಕಿಗೆ ಬರುವುದಿಲ್ಲ. ಖಾಲಿ ಇದ್ದಾಗ ಸೊನ್ನೆಯನ್ನೇ ತೋರಿಸುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಸಕ್ಕರೆ ತೂಗುವಾಗ ಅಂಕಿ ಒಂದು ಕಿಲೋ ಆಗುವವರೆಗೆ ಶಾಂತವ್ವ ಸುರಿಯುತ್ತ ಹೋದಳು. ಗಿರಾಕಿಗೆ ಕಿಲೋಕ್ಕೆ ಒಂದು ಹಿಡಿ ಹೆಚ್ಚು ಹೋಯಿತು. ಶೇಂಗಾ ತೂಗುವಾಗ ಇದ್ದದ್ದಕ್ಕಿಂತ ಕಡಿಮೆ ತೋರಿಸಿತು. ತಂದವಳಿಗೆ ಒಂದು ಹಿಡಿ ಕಡಿಮೆಯಾಯಿತು.

ಪೊಟ್ಟಣವಿಲ್ಲದೆ ಉಪ್ಪು ಇಟ್ಟರು. ಸಾವಿರದ ಐದು ಬಂತು. ನಾಲ್ಕು ಮೂಲೆಯಲ್ಲೂ ಕಲ್ಲಿನ ಅಂಕಿ ಸರಿ ಬಂತು. ಖಾಸಿಂಸಾಬರು ಪೆಟ್ಟಿಗೆ ಮುಚ್ಚಿದರು.

ಮಲ್ಲಪ್ಪನ ಮುಖ ಹಗುರಾಯಿತು. “ಸರಿ ಆತಲ್ರಿ. ಅತ್ತ ಒಂದು ಹಿಡಿ ಹೋತು, ಇತ್ತ ಒಂದು ಹಿಡಿ ಬಂತು. ಸಮ ಆತು, ಬಿಡ್ರಿ ಇನ್ನ.”

ನನಗೂ ಹಾಗೇ ಅನಿಸಿತ್ತು. ಪೊಟ್ಟಣ ತೆಗೆದಾಯಿತು, ಯಾರ ಮನಸ್ಸಲ್ಲೂ ಕೆಟ್ಟದ್ದಿರಲಿಲ್ಲ, ಮುಗಿಯಿತು ಎಂದು. ಶಾಂತವ್ವ ಗಂಡನ ಕಡೆ ತಿರುಗಿದಳು.

“ಸಕ್ಕರಿ ವೈದಾಕಿ ಬ್ಯಾರೆ, ಶೇಂಗಾ ತಂದಾಕಿ ಬ್ಯಾರೆ. ಯಾವ ಸಮ?”

“ನಿನಗ ಸಮ ಆತಲ್ಲ.”

“ನನಗ ಆತು. ಹನುಮವ್ವಗ ಆತೇನು?”

ನೀಲವ್ವ ಸೊಸೆಯ ರಟ್ಟೆ ಹಿಡಿದು ಒಳಗೆಳೆಯಲು ನೋಡಿದಳು. “ಪೂಜಿ ಪೊಟ್ಟಣದಿಂದ ತೂಕ ತಪ್ಪಿತಂತ ಊರಿಗೆ ಸಾರ್ತೀಯೇನು? ಕೆಟ್ಟ ಶಕುನ ಅಂತಾರ. ನಾಳೆ ಸಕ್ಕರಿ ವೈಯಾಕಿ ಮನ್ಯಾಗ ತೂಗಿ ನೋಡಿ, ಶಾಂತವ್ವ ಈಗ ಕಮ್ಮಿ ಹಾಕಾಕತ್ಯಾಳ ಅಂತಾಳ. ಆವಾಗ ಅಂಗಡಿ ಹೆಂಗ ನಡಸ್ತಿ?”

ಮುದುಕಿಯ ಈ ಭಯ ಹುಸಿಯಾಗಿರಲಿಲ್ಲ. ನಿಜವಾದ ತೂಕಕ್ಕೆ ಬಂದ ಕೂಡಲೇ ಅದು ಕಡಿಮೆ ತೂಕದಂತೆ ಕಾಣಲಿತ್ತು. ಸುಮ್ಮನಿದ್ದರೆ ಸಕ್ಕರೆಯವರು ಹೋಗುತ್ತಾರೆ, ಹೇಳಿದರೆ ಶೇಂಗಾದವರು ಲೆಕ್ಕ ಕೇಳುತ್ತಾರೆ. ಸಂಘದ ಸಾಲದ ಕಂತು ಆಗಿನ್ನೂ ಒಂದು ಕಟ್ಟಿದ್ದಳು.

ಶಾಂತವ್ವ ನನ್ನನ್ನು ಕೇಳಿದಳು. “ತಪ್ಪಿ ಬಂದದ್ದು ತಿರುಗಿ ಹೋಗಲಿ ಅಂತ ಹೇಳ್ಸಿದ್ರಲ್ರಿ ಅಯ್ಯನೋರ. ಅದು ಗೊತ್ತಿದ್ದು ಮಾಡಿದ್ದಕ್ಕೋ, ಗೊತ್ತಿಲ್ಲದ್ದಕ್ಕೂ ಐತೋ?”

ನನ್ನನ್ನು ಯಾರೂ ಎಂದೂ ಈ ಪ್ರಶ್ನೆ ಕೇಳಿರಲಿಲ್ಲ. “ಗೊತ್ತಿದ್ದು ಮಾಡೂದಕ್ಕ ತಪ್ಪಿ ಅನ್ನೋದಿಲ್ಲ ತಂಗಿ” ಎಂದೆ.

ಅವಳು ಮೂಲೆಗೆ ಹೋದಳು. ಅಲ್ಲಿ ಬನ್ನಿ ಹಬ್ಬದಿಂದ ಕೊಂಡ ಶೇಂಗಾ ಎರಡು ಚೀಲದಲ್ಲಿ ಹಾಗೇ ಇತ್ತು. ಕುಷ್ಟಗಿಯ ವ್ಯಾಪಾರಿಗೆ ಇನ್ನೂ ಹಾಕಿರಲಿಲ್ಲ. ಒಂದು ಚೀಲವನ್ನು ಎಳೆದು ಹೊಸ್ತಿಲಿಗೆ ತಂದು ಬಾಯಿ ಬಿಚ್ಚಿದಳು.

“ಹೆಚ್ಚಿಗೆ ಬಂದದ್ದು ಎಲ್ಲೂ ಹೋಗಿಲ್ಲ, ಇದರಾಗ ಐತಿ. ಯಾರ ಎಷ್ಟು ಕಿಲೋ ಹಾಕೀರಿ ಅಂತ ನೀವ ಹೇಳ್ರಿ. ಕಿಲೋಕ್ಕ ಒಂದು ಹಿಡಿ ತಗೊಳ್ರಿ.”

ಮಲ್ಲಪ್ಪ, “ಎರಡು ಹಾಕಿದಾಕಿ ನಾಕು ಅಂತಾಳ, ನೋಡ್ತಿರು” ಎಂದ.

“ಅನ್ಲಿ.”

ಗುಂಪಿನಲ್ಲಿ ಒಬ್ಬಾಕೆ ಕೇಳಿದಳು, “ಯಾರ ಹಿಡಿ ಯವ್ವಾ? ನಿಂದೋ, ನಮ್ಮದೋ?”

“ನಿಮ್ಮದ.”

“ಹಂಗಾದ್ರ ನಮ್ಮ ಗಂಡನ್ನ ಕರ್ಕೊಂಡು ಬರ್ತೀನಿ ತಡಿ. ಅವನ ಅಂಗೈ ಮೊರದಂಗೈತಿ.”

ಎಲ್ಲರೂ ನಕ್ಕರು. ಆವರೆಗೆ ಬಿಗಿಯಾಗಿದ್ದ ಗಾಳಿ ಅಲ್ಲಿ ಸಡಿಲವಾಯಿತು. ಒಬ್ಬೊಬ್ಬರಾಗಿ ಬಂದು ತಮ್ಮ ಲೆಕ್ಕ ಹೇಳಿ ಹಿಡಿ ತುಂಬಿ ಸೆರಗಿಗೆ ಹಾಕಿಕೊಂಡರು. ಮಲ್ಲಪ್ಪ ಹೇಳಿದಂತೆ ಒಬ್ಬಾಕೆ ಹೆಚ್ಚು ಹೇಳಿದಳೆಂದು ನನಗೇ ಗೊತ್ತಾಯಿತು, ಏಕೆಂದರೆ ಹೇಳುವಾಗ ಹನುಮವ್ವ ಅವಳನ್ನೇ ನೋಡಿದಳು. ಶಾಂತವ್ವ ಕೊಟ್ಟಳು. ಹನುಮವ್ವ ಕೊನೆಗೆ ಬಂದಳು. ಎಷ್ಟು ಹಾಕಿದ್ದೆ ಎಂದು ಬೆರಳು ಮಡಚಿ ಎಣಿಸಿ, ಅಷ್ಟು ಹಿಡಿ ತೆಗೆದುಕೊಂಡು, ಕೈಗೆ ಅಂಟಿದ ಧೂಳನ್ನು ಚೀಲದ ಮೇಲೇ ಜಾಡಿಸಿದಳು.

ಸಕ್ಕರೆಯವರ ವಿಷಯ ಉಳಿದಿತ್ತು. ಅವರಿಗೆ ಹೆಚ್ಚು ಹೋದದ್ದನ್ನು ಕೇಳುವ ಮಾತಿಲ್ಲ ಎಂದಳು ಶಾಂತವ್ವ. ಆದರೆ ಪೊಟ್ಟಣವನ್ನು ಎಸೆಯಲಿಲ್ಲ, ಗಲ್ಲಾದ ಪಕ್ಕ ಇಟ್ಟುಕೊಂಡಳು. ಆ ವಾರ ಬಂದ ಪ್ರತಿಯೊಬ್ಬರ ಮುಂದೆ ಉಪ್ಪಿನ ಪ್ಯಾಕೆಟ್ಟನ್ನು, ಪೊಟ್ಟಣ ತಟ್ಟೆಯ ಕೆಳಗಿಟ್ಟು ಒಮ್ಮೆ, ತೆಗೆದು ಒಮ್ಮೆ ತೂಗಿ ತೋರಿಸಿದಳಂತೆ. ಕೆಲವರು ನಕ್ಕು ಸಕ್ಕರೆ ಒಯ್ದರು. ಆಚೆ ಓಣಿಯವರಲ್ಲಿ ಹಲವರು ಹಳೆಯ ಅಂಗಡಿಗೆ ತಿರುಗಿ ಹೋದರು. ನೀಲವ್ವ ಹೇಳಿದ್ದ ಮಾತನ್ನೇ ಒಬ್ಬರಿಬ್ಬರು ಆಡಿದರು. ಮಲ್ಲಪ್ಪ ನನಗೆ ಫೋನು ಮಾಡಿ, “ನಿಮ್ಮ ಪ್ರಾರ್ಥನಿ ಭಾರಿ ತುಟ್ಟಿ ಆತ್ರಿ ಅಯ್ಯನೋರ” ಎಂದ. ಸಿಟ್ಟಿನಲ್ಲಿ ಹೇಳಿದನೋ ತಮಾಷೆಗೋ ತಿಳಿಯಲಿಲ್ಲ.

ಯಲಬುರ್ಗಾಕ್ಕೆ ಬಂದು ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಇನ್ನು ಪೊಟ್ಟಣ ಕೊಡುವುದು ಬೇಡವೇ ಎಂದು ಕೇಳಿದೆ. ಅವರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, “ಕೊಡು. ಆದ್ರ ಕೊಡೂಮುಂದ ಮನ್ಯಾಗ ಹಿರೇರು ಯಾರದಾರ, ಅವರ ಕೈಯಾಗ ಕೊಟ್ಟು ಹೇಳು. ಅಂಗಡಿಯವರಿಗೆ ಹೇಳಿದ್ದು ಅಂಗಡ್ಯಾಗ ಉಳಿತೈತಿ, ಮನಿಗೆ ಮುಟ್ಟಂಗಿಲ್ಲ” ಎಂದರು. ಅಂದಿನಿಂದ ಹಾಗೆ ಮಾಡಿದೆ. ಇನ್ನೊಂದನ್ನೂ ಸೇರಿಸಿಕೊಂಡೆ. ಪ್ರಾರ್ಥನೆಗೆ ಮೊದಲು ಕಾಟಾದ ತಟ್ಟೆ ಎತ್ತಿ ಕೆಳಗೆ ಏನೂ ಇಲ್ಲವೆಂದು ನೆರೆದವರಿಗೆ ತೋರಿಸುವುದು, ಉಪ್ಪಿನ ಪ್ಯಾಕೆಟ್ ಇಟ್ಟು ಅಂಕಿ ಓದಿ ಹೇಳುವುದು, ಆಮೇಲೆ ಕೈ ಇಡಿಸುವುದು. ಇದಕ್ಕೆ ಎರಡು ನಿಮಿಷ ಸಾಕು. ಹೊಸಬರು ಇದನ್ನು ಬಿಡಬೇಡಿ.

ಸಂಕ್ರಾಂತಿಯ ಹಿಂದುಮುಂದು ಹನುಮಸಾಗರಕ್ಕೆ ಇನ್ನೊಂದು ಪೂಜೆಗೆ ಹೋದವನು ಶಾಂತವ್ವನ ಊರಿಗೂ ಹೋಗಿಬಂದೆ. ಅಂಗಡಿ ತೆರೆದಿತ್ತು. ಸರಕು ಮೊದಲಿಗಿಂತ ಕಡಿಮೆ ಇತ್ತು, ಆದರೆ ಕಪಾಟು ಖಾಲಿಯಿರಲಿಲ್ಲ. ಕಂತು ತಪ್ಪಿಲ್ಲ ಎಂದಳು. ನೀಲವ್ವ ಚಹಾ ತಂದುಕೊಟ್ಟು ನನ್ನ ಮುಖ ನೋಡದೆ ಒಳಗೆ ಹೋದಳು.

ನಾನು ಕುಳಿತಿದ್ದಾಗಲೇ ಹನುಮವ್ವ ತೊಗರಿಯ ಗಂಟು ಹೊತ್ತು ಬಂದಳು. ರಾಶಿಯಾದ ಹೊಲದಲ್ಲಿ ಆಯ್ದದ್ದು. ನನಗೆ “ಆರಾಮೇನ್ರಿ” ಎಂದು ಹೇಳಿ, ಗಂಟು ಕೆಳಗಿಟ್ಟು, ಯಾರನ್ನೂ ಕೇಳದೆ ಕಾಟಾದ ತಟ್ಟೆಯನ್ನು ಎತ್ತಿ ಕೆಳಗೆ ಬಗ್ಗಿ ನೋಡಿದಳು. ಶಾಂತವ್ವ ಕೈ ಕಟ್ಟಿ ಕಾಯುತ್ತ ನಿಂತಿದ್ದಳು. ಆ ಅಂಗಡಿಯಲ್ಲಿ ಕಾಳು ತಂದವರೆಲ್ಲ ಹೀಗೆ ಮಾಡುತ್ತಾರೆಂದು ಆಮೇಲೆ ಗೊತ್ತಾಯಿತು. ಹನುಮವ್ವ ತಟ್ಟೆಯನ್ನು ಮತ್ತೆ ಕೂರಿಸಿ, ತೊಗರಿ ಸುರಿದಳು. ಅಂಕಿ ಏರಿ ನಿಂತಿತು.

“ಎಷ್ಟಾತು?” ಎಂದಳು ಹನುಮವ್ವ.

ಶಾಂತವ್ವ ಹೇಳಿದಳು. ಹನುಮವ್ವ ಅಷ್ಟರಲ್ಲಿ ಕಾಟಾದ ಕಡೆಗೆ ಬೆನ್ನು ಮಾಡಿ ಖಾಲಿ ಅರಿವೆಯನ್ನು ಮಡಚತೊಡಗಿದ್ದಳು. ಮಡಚುತ್ತಲೇ, “ಅಷ್ಟಕ್ಕ ಬೆಲ್ಲ ಕೊಡು” ಎಂದಳು.